ಕತ್ತು ನಿಂತ ಮಗುವಿಗೆ ಮಾತ್ರ

ಅಕ್ಕ ಹೊಲಿಯುವ, ಮಗುವನ್ನು ಎದೆಗೆ ಕಟ್ಟಿಕೊಂಡು ಹೊರುವ ಚೀಲದ ಬಗ್ಗೆ ಅವಳೇ ಬರೆದಿದ್ದ ಉದ್ದನೆಯ ವಿವರಣೆಯನ್ನು ಆನ್‌ಲೈನ್ ಅಂಗಡಿಗಾಗಿ ಐದು ಬುಲೆಟ್ ಪಾಯಿಂಟ್‌ಗೆ ಇಳಿಸಿದ್ದ ತಮ್ಮ. "ನಿನ್ನ ಪುರಾಣ ಯಾರು ಓದ್ತಾರೆ? ಜನ ಕಣ್ಣಾಡಿಸ್ತಾರೆ ಅಷ್ಟೇ" ಎಂದು ನಕ್ಕಿದ್ದ. ಬಟ್ಟೆ, ಅಳತೆ, ತೂಕ, ಬಣ್ಣ, ಒಗೆಯುವ ಬಗೆ ಎಲ್ಲ ಅಚ್ಚುಕಟ್ಟಾಗಿ ಬಂದಿದ್ದವು.

ಒಂದು ಬೆಳಿಗ್ಗೆ ಚೀಲ ಕೊಂಡವಳೊಬ್ಬಳು ಫೋನ್ ಮಾಡಿದಳು. "ಮಗುಗಿನ್ನೂ ಒಂದು ತಿಂಗಳು. ಕೂರಿಸಿದ್ರೆ ತಲೆ ಎದೆ ಮೇಲೆ ಬೀಳುತ್ತೆ. ಹೇಗೆ ಕಟ್ಟೋದು?"

ಸ್ಪೀಕರ್‌ನಲ್ಲಿ ಕೇಳಿಸಿಕೊಂಡ ಅಕ್ಕ ತಮ್ಮನ ಕೈಯಿಂದ ಫೋನ್ ಕಿತ್ತುಕೊಂಡಳು. "ಮೊದಲು ಮಗುನ ಹೊರಗೆ ತೆಗೀರಮ್ಮ! ಕತ್ತು ನಿಲ್ಲೋವರೆಗೂ ಬೇಡ, ಗದ್ದ ಎದೆಗೆ ಒತ್ತಿದ್ರೆ ಉಸಿರು ಕಟ್ಟುತ್ತೆ." ಮಗು ಅತ್ತದ್ದು ಕೇಳಿದ ಮೇಲೇ ಅವಳು ಉಸಿರುಬಿಟ್ಟಳು.

"ಅದನ್ನ ಬರೆದಿದ್ದೆನಲ್ಲೋ?"

"ನಡುವೆ ಎಲ್ಲೋ ಇತ್ತಕ್ಕ. ಉದ್ದ ಆಯ್ತು ಅಂತ ತೆಗೆದುಬಿಟ್ಟೆ."

ಅಕ್ಕ ಬೈಯಲಿಲ್ಲ. "ನೀನು ನಕ್ಕಾಗ ನಾನು ನಾಚ್ಕೊಂಡು ಸುಮ್ಮನಾಗ್ಬಿಟ್ಟೆ, ನಂದೂ ತಪ್ಪು" ಎಂದಳು. ಬೈದಿದ್ದರೇ ವಾಸಿ ಎನಿಸಿತು ತಮ್ಮನಿಗೆ. ಅವಳ ಮುಖ ನೋಡಲಾಗದೆ ಆ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿದ. ಆಮೇಲೆ ಚೀಲ ಕೊಂಡಿದ್ದ ಒಬ್ಬೊಬ್ಬರಿಗೂ ಫೋನ್ ಮಾಡತೊಡಗಿದ.