ಹಾಲು ಆಗಲ್ಲ ಅಂದರೆ

ಸಿದ್ದಗಂಗಯ್ಯನನ್ನು ಮಣ್ಣು ಮಾಡಿದ ಮೂರನೆಯ ದಿನ, ಸಮಾಧಿಗೆ ಹಾಲುತುಪ್ಪ ಬಿಡಲು ಮನೆಯವರೆಲ್ಲ ಹೊಲದ ಕಡೆ ಹೊರಟರು. ಹೆಂಡತಿ ಕೊಲ್ಲಾಪುರಮ್ಮನಿಗೆ ಕಾಲು ಏಳಲಿಲ್ಲ. ಅಳುವೂ ಬಂದಿರಲಿಲ್ಲ. ಗಂಡ ಹೋದ ಗಳಿಗೆಯಿಂದ ಎಲ್ಲವೂ ಯಾರದೋ ಮನೆಯಲ್ಲಿ ನಡೆಯುತ್ತಿರುವಂತೆ ಇತ್ತು. ತುಮಕೂರಿನಿಂದ ಬಂದಿದ್ದ ಸೊಸೆ ಸಹನಾ ತನ್ನ ಪುಟ್ಟ ಮಗಳು ಶರಣ್ಯಾಳನ್ನು ಆಕೆಯ ಬಳಿ ಬಿಟ್ಟು, “ಮಗೀಗೆ ಹಾಲು ಆಗಲ್ಲ ಅತ್ತೆ, ನೆನಪಿರ್ಲಿ” ಎಂದು ಹೇಳಿ ಹೋದಳು.

ಕೊಲ್ಲಾಪುರಮ್ಮನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಹಾಲು ಆಕೆಗೂ ಆಗುತ್ತಿರಲಿಲ್ಲ. ಒಂದು ಲೋಟ ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತಿತ್ತು. ಮಜ್ಜಿಗೆ ಮಾತ್ರ ಚೆನ್ನಾಗಿ ಒಗ್ಗುತ್ತಿತ್ತು. “ಮೊಮ್ಮಗ್ಳು ನಿನ್ ಹೊಟ್ಟೇನೇ ಹೊತ್ಕಂಡ್ ಬಂದವ್ಳೆ ಕಣಮ್ಮಿ” ಎಂದು ಗಂಡ ನಗಾಡುತ್ತಿದ್ದ.

ಮಗು ಹಸಿವು ಎಂದಿತು. ಆಕೆ ಅನ್ನಕ್ಕೆ ಮಜ್ಜಿಗೆ ಕಲಸಿ ಕೈತುತ್ತು ಕೊಟ್ಟಳು. ಮೂರ್ನಾಲ್ಕು ತುತ್ತಿಗೇ ಮಗು ತುಟಿ ಕೆರೆದುಕೊಳ್ಳತೊಡಗಿತು. ತುಟಿ ಊದಿತು, ಕುತ್ತಿಗೆಯ ತುಂಬ ಕೆಂಪು ದದ್ದುಗಳು ಎದ್ದವು. ತಿಂದದ್ದನ್ನು ಕಾರಿಕೊಂಡ ಮೇಲೆ ಕೆಮ್ಮು ಹತ್ತಿ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬಂತು. ಪಕ್ಕದ ಮನೆಯ ದೇವರಾಜು ಇಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ಮಧುಗಿರಿಯ ಆಸ್ಪತ್ರೆಗೆ ಓಡಿಸಿದ. ದಿನವೂ ಗೊರವನಹಳ್ಳಿಯ ಮಹಾಲಕ್ಷ್ಮಿಯನ್ನು ನೆನೆದೇ ಏಳುತ್ತಿದ್ದ ಹೆಂಗಸು. ಆ ಹೊತ್ತಿನಲ್ಲಿ ದೇವಿಯ ಹೆಸರು ಬಾಯಿಗೆ ಬರಲಿಲ್ಲ.

ಡಾಕ್ಟರಮ್ಮ ಮೊದಲು ಮಗುವಿನ ತೊಡೆಗೆ ಇಂಜೆಕ್ಷನ್ ಚುಚ್ಚಿದರು. ಉಸಿರು ಹದಕ್ಕೆ ಬರುವಷ್ಟರಲ್ಲಿ ಸುದ್ದಿ ತಿಳಿದು ಮಗ ನರಸಿಂಹರಾಜು, ಸಹನಾ ಬಂದು ಮುಟ್ಟಿದರು. ಏನು ಕೊಟ್ಟಿರಿ ಎಂದು ಡಾಕ್ಟರಮ್ಮ ಕೇಳಿದರು.

“ಹಾಲು ಕೊಡ್ಲಿಲ್ಲ ಕಣಮ್ಮ, ಮಜ್ಜಿಗೆ. ನನಗೂ ಹಾಲು ಆಗಾಕಿಲ್ಲ, ಮಜ್ಜಿಗೆ ಆಯ್ತದೆ.”

“ನಿಮಗೆ ಹಾಲಲ್ಲಿರೋ ಸಕ್ಕರೆ ಅರಗಲ್ಲ ಅಜ್ಜಿ. ಹೆಪ್ಪಾದಾಗ ಅದು ಒಂದಷ್ಟು ಕಮ್ಮಿಯಾಗುತ್ತೆ, ಅದಕ್ಕೇ ಮಜ್ಜಿಗೆ ಒಗ್ಗುತ್ತೆ. ಒಗ್ಗದಿದ್ರೂ ಹೊಟ್ಟೆ ಕೆಡುತ್ತೆ, ಅಷ್ಟೇ. ಮಗೂಗೆ ಇರೋದು ಅಲರ್ಜಿ. ಹಾಲಿನ ಪ್ರೋಟೀನ್ ಅವಳ ಮೈಗೆ ಶತ್ರು. ಹೆಪ್ಪು ಹಾಕಿದ್ರೂ, ಕಡೆದ್ರೂ ಅದು ಹೋಗಲ್ಲ. ಒಂದು ತುತ್ತು ಸಾಕು, ಉಸಿರು ಕಟ್ಟೋಕೆ.”

ಅಲರ್ಜಿ ಮರುಕಳಿಸಬಹುದು, ಮಗು ಇಲ್ಲೇ ಇರಲಿ ಎಂದು ಹೇಳಿ ಡಾಕ್ಟರಮ್ಮ ಹೋದರು. ಸಹನಾ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಇನ್ನು ಈ ಮಗುವನ್ನು ತನ್ನ ಕೈಗೆ ಕೊಡಲಾರರು ಎಂಬುದು ಕೊಲ್ಲಾಪುರಮ್ಮನಿಗೆ ತಿಳಿಯಿತು. ತಿಳಿದರೂ ಒಳಗೆ ಏನೂ ಮಿಸುಕಲಿಲ್ಲ. ಗೋಡೆಗೆ ಒರಗಿ ಕುಳಿತಳು.

ಸ್ವಲ್ಪ ಹೊತ್ತಿಗೆ ಮಗು ಕಣ್ಣು ಬಿಟ್ಟು ಆಕೆಯ ಕಡೆ ಕೈ ಚಾಚಿತು. ಎದ್ದವಳು ತನ್ನ ಬೆರಳು ನೋಡಿಕೊಂಡು ನಿಂತುಬಿಟ್ಟಳು. ಉಗುರಿನ ಸಂದಿಯಲ್ಲಿ ಮಜ್ಜಿಗೆಯ ಅನ್ನ ಒಣಗಿತ್ತು.

ಸಹನಾಳೂ ಅದನ್ನು ನೋಡಿದಳು.

“ಸೋಪ್ ಹಾಕಿ ಕೈ ತೊಳ್ಕೊಂಡ್ ಬನ್ನಿ ಅತ್ತೆ. ಸೆರಗಿಗೂ ಮೆತ್ತಿದೆ, ಮೇಲೆ ಇದನ್ನ ಹೊದ್ಕೊಳಿ” ಎಂದು ತನ್ನ ದುಪಟ್ಟಾ ತೆಗೆದುಕೊಟ್ಟಳು.

ಕೊಲ್ಲಾಪುರಮ್ಮ ನಲ್ಲಿಯ ಕೆಳಗೆ ಒಂದೊಂದೇ ಬೆರಳು ತಿಕ್ಕಿದಳು. ಮರಳಿ ಬಂದಾಗ ಸಹನಾ ಮಗುವಿನ ಪಕ್ಕ ಜಾಗ ಬಿಟ್ಟು ಮಂಚದ ಮೇಲೆ ಒಂದಿಷ್ಟು ಸರಿದು ಕುಳಿತಿದ್ದಳು.