ನಲವತ್ತೆಂಟು ಸೆಕೆಂಡಿಗೊಂದು ಟಿಕ್

ಅದು ಮೀನು ಹಿಡಿಯುವ ಆಟ. ಆಡುವವರು ಕೆರೆಯ ದಡದಲ್ಲಿ ಗಾಳ ಹಾಕಿ ಸುಮ್ಮನೆ ಕೂರಬೇಕು, ಮೀನು ಕಚ್ಚುವ ತನಕ ಹಿನ್ನೆಲೆಯಲ್ಲಿ ಸಂಗೀತ ಮೆಲ್ಲಗೆ ನುಡಿಯುತ್ತಿರಬೇಕು. ನಲವತ್ತೆಂಟು ಸೆಕೆಂಡಿನ ಸಂಗೀತ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಕೇಳುವವರಿಗೆ ತಿಳಿಯಲೇಬಾರದು. ಆದರೆ ತಿಳಿಯುತ್ತಿತ್ತು. ಸರಿಯಾಗಿ ನಲವತ್ತೆಂಟು ಸೆಕೆಂಡಿಗೊಮ್ಮೆ, ಟಿಕ್.

"ಮೀನು ನೆಟಿಗೆ ಮುರೀತಿದೆ ಅನ್ಸುತ್ತೆ" ಎಂದು ಚಿತ್ರ ಬರೆಯುವವನು ನಕ್ಕ. ಕಚೇರಿಯ ಒಡತಿ ನಗಲಿಲ್ಲ. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳ ಕಚೇರಿ ಅದು. ಇದ್ದವರು ನಾಲ್ಕೇ ಜನ. ಒಬ್ಬರ ಮುಖ ಸಪ್ಪಗಾದರೆ ಉಳಿದ ಮೂವರಿಗೂ ಕಾಣುತ್ತಿತ್ತು.

"ಮೇಷ್ಟ್ರೇ, ಈ ತಪ್ಪು ನಿಮ್ಮ ಸಂಗೀತದ ಫೈಲಿನದಾ, ಆಟ ನಡೆಸೋ ಕೋಡಿನದಾ?" ಎಂದು ಒಡತಿ ಕೇಳಿದರು.

ಮೇಷ್ಟ್ರು ಎಂದರೆ ಸಂಗೀತ ಮಾಡುವವರು. ಇಪ್ಪತ್ತು ವರ್ಷ ಮಕ್ಕಳಿಗೆ ಹಾಡು ಕಲಿಸಿ ಆಮೇಲೆ ಈ ಕೆಲಸಕ್ಕೆ ಬಂದವರು, ಹಾಗಾಗಿ ಆ ಹೆಸರು ಬೆನ್ನಿಗಂಟಿತ್ತು. ಅವರು ತಮ್ಮ ಕಂಪ್ಯೂಟರಿನಲ್ಲಿ ಅದೇ ಸಂಗೀತವನ್ನು ಸುತ್ತು ಹಾಕಿಸಿ ಹತ್ತು ಬಾರಿ ಕೇಳಿದ್ದರು. ಒಂದು ಟಿಕ್ಕೂ ಇರಲಿಲ್ಲ.

"ನನ್ನ ಕಡೆ ಬೆಣ್ಣೆ ಹಾಗೆ ಓಡ್ತಿದೆ. ಆಟದೊಳಗೆ ಹೋದ್ಮೇಲೆ ಟಿಕ್ ಅಂದ್ರೆ ಕೋಡಿನದೇ" ಎಂದರು. ಯೋಚಿಸಲು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ.

ಕೋಡು ಬರೆಯುತ್ತಿದ್ದವಳು ಅವರ ತಂಗಿಯ ಮಗಳು, ಸೋದರಸೊಸೆ. ಮೂರು ತಿಂಗಳ ಪರೀಕ್ಷಾ ಅವಧಿಗೆಂದು ಅವಳನ್ನು ಸೇರಿಸಿಕೊಂಡಿದ್ದರು, ಮೇಷ್ಟ್ರ ಮಾತಿನ ಮೇಲೇ. ಆ ಮೂರು ತಿಂಗಳು ಬರುವ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅವಳು ಮಾವನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮಾವ, ಫೈಲನ್ನೇ ಒಂದ್ಸಲ ನಿನ್ನ ತಂತ್ರಾಂಶದಿಂದ ಹೊರಗೆ ಹಾಕಿ ಕೇಳ್ತೀಯಾ? ಬರೀ ಫೈಲು."

"ನಿಂಗೆ ಸರಿಗಮ ಕಲ್ಸಿದ್ದು ಯಾರು?" ಎಂದರು ಮೇಷ್ಟ್ರು, ಚಿತ್ರದವನಿಗೂ ಕೇಳುವಷ್ಟು ಜೋರಾಗಿ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೋಗು, ನಿನ್ನ ಕೋಡು ನೋಡ್ಕೋ."

ಅವಳು ಹೋಗಿ ನೋಡಿಕೊಂಡಳು. ಸಂಗೀತ ನುಡಿಸುವ ಕೋಡನ್ನು ಪೂರ್ತಿ ಕಿತ್ತು ಹೊಸದಾಗಿ ಬರೆಯಲು ಕುಳಿತಳು. ಶನಿವಾರ, ಭಾನುವಾರ ಎನ್ನದೆ ಬಂದಳು. ಸೋಮವಾರ ತಂಗಿ ಫೋನು ಮಾಡಿ, "ಅಣ್ಣಾ, ಇವಳು ತಟ್ಟೆ ಮುಂದೆ ಕೂತ್ಕೊಂಡು ಗೋಡೆ ನೋಡ್ತಾಳೆ. ಏನು ತಪ್ಪು ಮಾಡಿದ್ದಾಳೆ ಅಲ್ಲಿ?" ಎಂದಳು. "ಕಲಿಯೋ ವಯಸ್ಸು, ಒದ್ದಾಡ್ಲಿ ಬಿಡು" ಎಂದರು ಮೇಷ್ಟ್ರು.

ಬುಧವಾರ ಬೆಳಿಗ್ಗೆ, ಬೇರೆ ಕೆಲಸವಿಲ್ಲದೆ, ಅವರು ಬರೀ ಫೈಲನ್ನು ತೆರೆದರು. ಅದರ ಬಾಲಕ್ಕೆ ಅದನ್ನೇ ಇನ್ನೊಮ್ಮೆ ಅಂಟಿಸಿ, ಕಣ್ಣು ಮುಚ್ಚಿ ಕೇಳಿದರು. ನಲವತ್ತೆಂಟನೇ ಸೆಕೆಂಡಿಗೆ, ಟಿಕ್.

ಅಂಟಿಸಿದ ಜಾಗವನ್ನು ದೊಡ್ಡದು ಮಾಡಿ ನೋಡಿದರು. ಮುಗಿಯುವಲ್ಲಿ ಧ್ವನಿಯ ಅಲೆ ಇನ್ನೂ ಮೇಲಿತ್ತು, ಶುರುವಾಗುವಲ್ಲಿ ನೆಲದಲ್ಲಿತ್ತು. ನಡುವೆ ಮೆಟ್ಟಿಲು ತಪ್ಪಿದ ಹಾಗೆ ಒಂದು ನೇರ ಕುಸಿತ. ಟಿಕ್ ಎನ್ನುತ್ತಿದ್ದುದು ಆ ಕುಸಿತವೇ. ಕಾರಣವೂ ಆಗಲೇ ಹೊಳೆಯಿತು. ಅವರು ಕೇಳಿದ್ದೆಲ್ಲ ಸಂಗೀತ ಕಟ್ಟುವ ತಂತ್ರಾಂಶದ ಒಳಗೆ. ಅಲ್ಲಿ ಸುತ್ತು ಮತ್ತೆ ಮೊದಲಿಗೆ ಬಂದರೂ ಕೊನೆಯ ಸ್ವರದ ಮಾರ್ದನಿ ನಿಲ್ಲದೆ ಮುಂದಿನ ಸುತ್ತಿನ ಮೇಲೆ ಹರಿಯುತ್ತಿತ್ತು, ಬೆಸುಗೆ ಮುಚ್ಚಿಹೋಗುತ್ತಿತ್ತು. ಫೈಲು ಮಾಡಿ ಹೊರಗೆ ತೆಗೆದಾಗ ಆ ಮಾರ್ದನಿಯ ಬಾಲ ಅರ್ಧಕ್ಕೇ ಕತ್ತರಿಸಿಹೋಗಿತ್ತು. ಫೈಲಿನ ತಲೆಯ ಕಡೆಯಂತೂ ಮಾರ್ದನಿಯೇ ಇರಲಿಲ್ಲ.

ಸರಿ ಮಾಡಲು ಇಪ್ಪತ್ತು ನಿಮಿಷ ಸಾಕಾಯಿತು. ಸಂಗೀತವನ್ನು ಎರಡು ಸಲ ಬೆನ್ನಿಗೆ ಬೆನ್ನು ನುಡಿಸಿ, ಎರಡನೆಯ ಸುತ್ತನ್ನು ಮಾತ್ರ ಫೈಲಾಗಿ ತೆಗೆದರು. ಈಗ ಮೊದಲ ಸುತ್ತಿನ ಮಾರ್ದನಿ ಎರಡನೆಯದರ ತಲೆಯ ಮೇಲೆ ಬಿದ್ದಿತ್ತು, ಎರಡು ತುದಿಗಳೂ ಒಂದೇ ಎತ್ತರದಲ್ಲಿ ಕೂಡುತ್ತಿದ್ದವು. ಅದನ್ನು ಮೂರು ಸಲ ಜೋಡಿಸಿ ಕೇಳಿದರು. ಏನೂ ಇಲ್ಲ. ಬಾಯಿ ಬಿಟ್ಟು ಹೇಳುವುದಕ್ಕೆ ಅದೇ ಸಮಯ. ಮೇಷ್ಟ್ರು ಹೇಳಲಿಲ್ಲ. ಆಟದೊಳಗಿನ ಹಳೆಯ ಫೈಲಿನ ಜಾಗದಲ್ಲಿ, ಅದೇ ಹೆಸರಿನಲ್ಲಿ, ಹೊಸದನ್ನು ಇಟ್ಟುಬಿಟ್ಟರು. ಟಿಕ್ ಹೋದರೆ ಸಾಕು, ಯಾರು ಕೇಳುತ್ತಾರೆ ಎಂದುಕೊಂಡರು.

ಮಧ್ಯಾಹ್ನ ಸೊಸೆಯ ಹೊಸ ಕೋಡೂ ಮುಗಿಯಿತು. ಎಲ್ಲರೂ ಒಂದೇ ಪರದೆಯ ಮುಂದೆ ನಿಂತರು. ನಲವತ್ತೆಂಟು ಸೆಕೆಂಡು ಕಳೆಯಿತು, ತೊಂಬತ್ತಾರು ಕಳೆಯಿತು. ಕೆರೆ ಶಾಂತವಾಗಿತ್ತು. ಚಿತ್ರದವನು ಚಪ್ಪಾಳೆ ತಟ್ಟಿದ.

"ಹಾಗಾದ್ರೆ ಕೋಡಿನದೇ ತಪ್ಪು" ಎಂದರು ಒಡತಿ, ಸಿಟ್ಟಿಲ್ಲದೆ, ಲೆಕ್ಕ ಸರಿಹೋಯಿತು ಎಂಬಂತೆ. "ಮೇಷ್ಟ್ರು ಮೊದಲ ದಿನವೇ ಹೇಳಿದ್ರು. ಇಷ್ಟು ಸಣ್ಣದಕ್ಕೆ ಐದು ದಿನ ಹೋಯ್ತಲ್ಲಮ್ಮ. ಶುಕ್ರವಾರದ ಮೇಲೆ ನಿನ್ನನ್ನ ಇಟ್ಕೊಳ್ಳೋದು ಕಷ್ಟ."

ಮೇಷ್ಟ್ರಿಗೆ ಇದು ಹೊಳೆದೇ ಇರಲಿಲ್ಲ. ತಾವು ಕದ್ದು ಸರಿ ಮಾಡಿದ್ದೇ ಅವಳ ವಿರುದ್ಧ ಸಾಕ್ಷಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಅವರು ಎಷ್ಟೋ ಜನರ ಮೇಲೆ ಪ್ರಯೋಗಿಸಿದ್ದರು. ಇಂದು ಎತ್ತು ತಾವೇ.

ಎಲ್ಲರೂ ಚದುರಿದ ಮೇಲೆ ಸೊಸೆ ಬಂದು ನಿಂತಳು. "ತಪ್ಪಾಯ್ತು ಮಾವ. ನಿನ್ನ ಮಾತಿನ ಮೇಲೆ ಸೇರಿಸ್ಕೊಂಡ್ರು, ನಿನಗೇ ಕೆಟ್ಟ ಹೆಸರು ತಂದೆ." ಅವರು "ಹೂಂ, ಹೋಗ್ಲಿ ಬಿಡು" ಎಂದರು. ಎಂದ ಮೇಲೆ ತಮ್ಮ ನಾಲಿಗೆಯೇ ತಮಗೆ ಹೇಸಿಗೆಯಾಯಿತು.

ಗುರುವಾರ ಬೆಳಿಗ್ಗೆ ಕಚೇರಿಯಲ್ಲಿ ಯಾರು ಯಾರೊಡನೆ ಮಾತಾಡಿದರೂ ಮೇಷ್ಟ್ರು ತಲೆ ಎತ್ತಿ ನೋಡುತ್ತಿದ್ದರು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮಧ್ಯಾಹ್ನದ ಹೊತ್ತಿಗೆ ಸಾಕಾಯಿತು. ಎದ್ದು ಎಲ್ಲರನ್ನೂ ಕರೆದರು. ತಮ್ಮ ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೆಯ ಫೈಲನ್ನು, ಆಟವೂ ಇಲ್ಲದೆ ಕೋಡೂ ಇಲ್ಲದೆ, ಎರಡು ಸಲ ಜೋಡಿಸಿ ಹಾಕಿದರು.

ಟಿಕ್.

"ಇದು ನಂದು. ನಿನ್ನೆ ಬೆಳಿಗ್ಗೆ ಕದ್ದು ಬದಲಾಯಿಸ್ದೆ" ಎಂದರು. "ಅವಳ ಹಳೇ ಕೋಡಲ್ಲಿ ಹೊಸ ಫೈಲು ಹಾಕಿ ನೋಡಿ, ಅಲ್ಲೂ ಏನೂ ಇರಲ್ಲ. ಅವಳು ಮೊದಲ ದಿನವೇ ಹೇಳಿದ್ದಳು. ನಾನು ಬಾಯಿ ಮುಚ್ಚಿಸ್ದೆ."

ಒಡತಿ ಹಾಕಿ ನೋಡಿದರು. ಏನೂ ಇರಲಿಲ್ಲ. ಅವರು ಮೇಷ್ಟ್ರ ಕಡೆ ತಿರುಗಲೇ ಇಲ್ಲ. "ಸೋಮವಾರದಿಂದ ನಿಂದು ಕಾಯಂ ಕಣಮ್ಮ" ಎಂದಷ್ಟೇ ಹೇಳಿ ಒಳಗೆ ಹೋದರು.

ಸೊಸೆಯ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಕಂಡು ಮೇಷ್ಟ್ರು ಅವಳ ಮೇಜಿನ ಹತ್ತಿರ ಹೋದರು.

"ನಿನಗೆ ಗೊತ್ತಿತ್ತಾ?"

"ನಿನ್ನೆ ಸಂಜೆ ಗೊತ್ತಾಯ್ತು. ಯಾವ ಫೈಲನ್ನ ಯಾರು ಯಾವಾಗ ಬದಲಾಯಿಸಿದ್ರು ಅಂತ ಎಲ್ಲ ಕಂಪ್ಯೂಟರಲ್ಲಿ ತಾನಾಗೇ ದಾಖಲಾಗುತ್ತೆ ಮಾವ. ನಿನ್ನ ಹೆಸರಿತ್ತು. ಹತ್ತು ಗಂಟೆ ನಲವತ್ತು ನಿಮಿಷ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ನಾಳೆ ಸಂಜೆವರೆಗೂ ಕಾಯ್ತಿದ್ದೆ."

"ಆಮೇಲೂ ನಾನು ಹೇಳ್ದೇ ಇದ್ದಿದ್ರೆ?"

ಅವಳು ತನ್ನ ಕುರ್ಚಿ ಎಳೆದುಕೊಂಡು ಕುಳಿತಳು. "ಚೀಲ ತಗೊಂಡು ಹೋಗ್ತಿದ್ದೆ. ನೀನು ಮನೆಗೆ ಬಂದಾಗ ಅಮ್ಮನ ಮುಂದೆ ಏನೂ ಗೊತ್ತಿಲ್ಲದವಳ ಹಾಗೆ ನಗ್ತಾ ಕಾಫಿ ಕೊಡ್ತಿದ್ದೆ. ಸಾಯೋತನಕ ಕೊಡ್ತಿದ್ದೆ."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅವಳು ಆಗಲೇ ಹೆಡ್‌ಫೋನು ಕಿವಿಗೆ ಹಾಕಿಕೊಂಡು ಕೆರೆಯ ಸಂಗೀತ ಕೇಳುತ್ತಿದ್ದಳು, ಇನ್ನೊಂದು ಸುತ್ತು ಮುಗಿಯುವುದನ್ನು ಕಾಯುತ್ತ.