ಮಗ್ಗ ಬಿಡ್ರಿ ಅಂದದ್ದು

ಚಳ್ಳಕೆರೆಯ ಮುಸಾಫಿರ್ ಬಂಗಲೆಯ ಜಗುಲಿಯಲ್ಲಿ ಸೂರಮ್ಮ ಕೂತಿದ್ದಳು. ಮೊಳಕಾಲ್ಮೂರಿನಿಂದ ಇದ್ದಿಲ ಬಸ್ಸಿನಲ್ಲಿ ಬಂದಿದ್ದರಿಂದ ಸೆರಗಿನ ತುಂಬ ಹೊಗೆಯ ವಾಸನೆ. ಪಕ್ಕದಲ್ಲಿ ಜೊತೆ ಕೆಲಸದ ಕಾಟಮ್ಮ. ಏಟು ಬಿದ್ದು ಎಂಟು ದಿನ ಕಳೆದಿದ್ದರೂ ಅವಳ ಎಡಗೈ ಬೆರಳುಗಳ ಬಾವು ಇನ್ನೂ ಇಳಿದಿರಲಿಲ್ಲ.

ನೇಕಾರರ ಸಂಘದ ಕಾರ್ಯದರ್ಶಿ ಕಲ್ಲೇಶಪ್ಪ ಮಗ್ಗದವನೇ. ಅಷ್ಟೋ ಇಷ್ಟೋ ಓದಿಕೊಂಡವನು. ಕೈಯಲ್ಲಿದ್ದ ಕಾಗದದ ಕಟ್ಟನ್ನು ಮಡಿಲಿಗಿಟ್ಟುಕೊಂಡು ಪಿಸುಗುಟ್ಟಿದ.

"ಇನ್ನೊಂದ್ಸಲ ಹೇಳ್ತೀನಿ ಕೇಳಕ್ಕ. ನಮ್ಮ ಸಂಘ ರಿಜಿಸ್ಟ್ರಿ ಆಗೈತೆ. ಕೂಲಿ ಏರಿಸ್ರಿ ಅಂತ ನೋಟೀಸ್ ಕೊಟ್ಟೀವಿ. ಸರ್ಕಾರದೋರು ರಾಜಿ ಮಾಡಾಕೆ ಕರ್ದವ್ರೆ. ಆ ರಾಜಿ ಮಾತು ಮುಗಿಯೋಗಂಟ ನಾವು ಕೆಲಸ ನಿಲ್ಸಂಗಿಲ್ಲ. ನಿಲ್ಸಿದ್ರೆ ಅಕ್ರಮ ಮುಷ್ಕರ. ಈಗ ಸಾವುಕಾರ್ರು ಅದನ್ನೇ ಹಿಡ್ಕಂಡವ್ರೆ. ರಾಜಿ ನಡುವೆ ಇವರು ಕೆಲಸ ನಿಲ್ಸವ್ರೆ, ಇಂಥ ಸಂಘದ ರಿಜಿಸ್ಟ್ರಿ ತೆಗೀರಿ, ಇವರ ಜೊತೆ ಮಾತಿಗೆ ಕೂರಲ್ಲ ಅಂತ ಅರ್ಜಿ ಹಾಕವ್ರೆ."

"ಗೊತ್ತೈತೆ ಕಣಪ್ಪ."

"ಅಮಾಸೆಗೆ ಮಗ್ಗ ಬಿಡೋದು ನಮ್ಮ ರೂಢಿ. ಅದೊಂದೇ ಮಾತು. ಬೇರೆ ಏನೂ ಸೇರಿಸ್ಬ್ಯಾಡ."

ಸೂರಮ್ಮ ತಲೆಯಾಡಿಸಿದಳು. ಕಾಟಮ್ಮನ ಕಡೆ ನೋಡಲಿಲ್ಲ.

ರೂಢಿ ಅನ್ನುವುದು ಸುಳ್ಳಲ್ಲ. ಅಜ್ಜಿಯ ಕಾಲದಿಂದಲೂ ಅಮಾವಾಸ್ಯೆಯ ದಿನ ಮೊಳಕಾಲ್ಮೂರಿನಲ್ಲಿ ಲಾಳಿಯ ಸದ್ದಿಲ್ಲ. ಮನೆಮನೆಯ ಮಗ್ಗಗಳನ್ನು ಒಂದೇ ಸೂರಿನಡಿ ತಂದು ಜಂಬುಲಿಂಗಪ್ಪ ಸಾವುಕಾರರು ಕಾರ್ಖಾನೆ ಮಾಡಿದ ಮೇಲೂ ಆ ದಿನ ಬಾಗಿಲು ತೆರೆಯುತ್ತಿತ್ತು, ಯಾರೂ ಹೋಗುತ್ತಿರಲಿಲ್ಲ. ಅದಕ್ಕೆ "ಮಗ್ಗ ಬಿಡುವುದು" ಎಂದೇ ಹೆಸರು. ಸಿಟ್ಟು ಬಂದು ಕೆಲಸ ಕೈಬಿಟ್ಟು ಎದ್ದು ಬಂದರೂ ಜನ ಅದೇ ಮಾತು ಆಡುತ್ತಾರೆ. ಒಂದೇ ಮಾತು, ಎರಡು ಅರ್ಥ. ಸೂರಮ್ಮ ಸಿಕ್ಕಿಬಿದ್ದದ್ದು ಆ ಎರಡರ ನಡುವೆ.

ಎಂಟು ದಿನದ ಹಿಂದಿನ ಆ ಸಂಜೆ ರಾಟೆಯಲ್ಲಿ ನೂಲು ಸುತ್ತುತ್ತಿದ್ದ ಕಾಟಮ್ಮನ ಕೈಯಲ್ಲಿ ಎಳೆ ಮೂರು ಸಲ ತುಂಡಾಗಿತ್ತು. ಮೇಸ್ತ್ರಿ ಮುರುಗೇಂದ್ರಪ್ಪ ಬಂದವನೇ ಕೈಯಲ್ಲಿದ್ದ ಗಜಕೋಲಿನಿಂದ ಅವಳ ಬೆರಳ ಮೇಲೆ ಬಾರಿಸಿದ. ಕಾಟಮ್ಮ ಅಳಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು ನೆಲ ನೋಡಿದಳು. ಹಾಗೆ ನೆಲ ನೋಡಿದ್ದೇ ಸೂರಮ್ಮನನ್ನು ಕೆರಳಿಸಿತು. ಬಾಗಿಲಲ್ಲಿ ನಿಂತು ಹೊರಗೆ ಬರುತ್ತಿದ್ದ ಒಬ್ಬೊಬ್ಬಳಿಗೂ ಹೇಳಿದಳು: "ನಾಳೆ ಮಗ್ಗ ಬಿಡ್ರಿ."

ಅಮಾವಾಸ್ಯೆಯ ನೆನಪು ಅವಳಿಗೆ ಇರಲೇ ಇಲ್ಲ. ಮನೆಗೆ ಬಂದಾಗ ಅತ್ತೆ ಕಡಲೆಬೇಳೆ ನೆನೆಹಾಕುತ್ತಿದ್ದರು. "ನಾಳೆ ಅಮಾಸೆ ಅಲ್ಲೇನೇ, ತೆಂಗಿನಕಾಯಿ ತಂದಿಯಾ?" ಅಂದಾಗ ಸೂರಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮರುದಿನ ಕಾರ್ಖಾನೆ ಖಾಲಿ. ಯಾರು ಅಮಾವಾಸ್ಯೆಗೆ ಬಿಟ್ಟರೋ, ಯಾರು ಕಾಟಮ್ಮನಿಗೆ ಬಿಟ್ಟರೋ, ಕೇಳಿದವರಿಲ್ಲ.

ಒಳಗಿನಿಂದ ಜವಾನ ಕೂಗಿದ. ಕಾಟಮ್ಮನನ್ನು ಜಗುಲಿಯಲ್ಲೇ ಬಿಟ್ಟು ಸೂರಮ್ಮ, ಕಲ್ಲೇಶಪ್ಪ ಒಳಗೆ ಹೋದರು.

ಮೇಜಿನ ಹಿಂದೆ ರಾಜಿ ಅಧಿಕಾರಿ. ಬಲಕ್ಕೆ ಕುರ್ಚಿಯಲ್ಲಿ ಜಂಬುಲಿಂಗಪ್ಪನವರು, ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ. ಸೂರಮ್ಮನನ್ನು ನೋಡಿ, "ಬಾರಮ್ಮ, ಬಸ್ಸು ಸಿಕ್ತಾ?" ಎಂದರು. ಅವರ ಮಾತು ಯಾವಾಗಲೂ ಹಾಗೇ ಮೆತ್ತಗೆ.

ಮೊದಲು ಮುರುಗೇಂದ್ರಪ್ಪ ನಿಂತ.

"ಹೊಡೆದೆ ಸ್ವಾಮಿ. ಎಳೆ ಹಾಳು ಮಾಡಿದ್ಲು, ಒಂದೇಟು ಕೊಟ್ಟೆ. ಸುಳ್ಳ್ಯಾಕೆ ಹೇಳ್ಲಿ? ಆ ಸಿಟ್ಟಿಗೇ ಈ ಸೂರಮ್ಮ ಬಾಗಿಲಾಗೆ ನಿಂತು ಎಲ್ರಿಗೂ ಮಗ್ಗ ಬಿಡ್ರಿ ಅಂದ್ಲು. ನನ್ನ ಕಿವಿಯಾರೆ ಕೇಳಿದೀನಿ. ಅದು ಮುಷ್ಕರ ಅಲ್ದೆ ಇನ್ನೇನು?"

ಸೂರಮ್ಮ ಅವನನ್ನೇ ನೋಡಿದಳು. ಇವನು ನಿಜ ಹೇಳುತ್ತಿದ್ದಾನೆ. ಈ ಕೋಣೆಯಲ್ಲಿ ನಿಜ ಹೇಳುತ್ತಿರುವವನು ಇವನೊಬ್ಬನೇ.

ಅಧಿಕಾರಿ ಹಾಜರಿ ಪುಸ್ತಕ ತರಿಸಿ, ಪಂಚಾಂಗ ಪಕ್ಕದಲ್ಲಿಟ್ಟುಕೊಂಡು ಹಿಂದಿನ ತಿಂಗಳುಗಳ ಅಮಾವಾಸ್ಯೆಗಳನ್ನು ಹುಡುಕಿದರು. ಆ ಪುಟಗಳೆಲ್ಲ ಖಾಲಿ. ಆಮೇಲೆ ತಲೆಯೆತ್ತಿದರು.

"ನೋಡಮ್ಮ, ರೂಢಿಯ ರಜಾ ಹಿಡಿದರೆ ಅದು ಮುಷ್ಕರ ಆಗಲ್ಲ. ಎಲ್ಲರೂ ಮಾತಾಡಿಕೊಂಡು, ಕೆಲಸ ಮಾಡಲ್ಲ ಅಂತ ನಿಲ್ಲಿಸಿದರೆ ಅದು ಮುಷ್ಕರ. ರಾಜಿ ನಡೆಯುವಾಗ ಅದು ತಪ್ಪು. ಅದಕ್ಕೇ ಕೇಳ್ತೀನಿ. ಇವರು ಹೊಡೆದದ್ದಕ್ಕೆ ನೀನು ಹಾಗಂದೆಯಾ, ಅಮಾವಾಸ್ಯೆಗೆ ಅಂದೆಯಾ?"

ಹೊರಗೆ ಜಗುಲಿಯಲ್ಲಿದ್ದ ಕಾಟಮ್ಮನಿಗೆ ಇದೆಲ್ಲ ಕೇಳಿಸುತ್ತಿತ್ತು. ಬಾಗಿಲು ತೆರೆದೇ ಇತ್ತು.

ಹೊಡೆದದ್ದಕ್ಕೆ ಎಂದರೆ ಸಂಘ ಹೋಗುತ್ತದೆ. ನೂರ ಇಪ್ಪತ್ತು ಜನ ಮತ್ತೆ ಒಬ್ಬೊಬ್ಬರೇ ಸಾವುಕಾರರ ಮುಂದೆ ಕೈಕಟ್ಟಿ ನಿಲ್ಲಬೇಕು. ತನ್ನ ಕೆಲಸವೂ ಹೋಗುತ್ತದೆ. ಇಷ್ಟೆಲ್ಲ ಯೋಚಿಸಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಆ ಗಳಿಗೆಯಲ್ಲಿ ಕಲ್ಲೇಶಪ್ಪನ ಕಣ್ಣು ಮಾತ್ರ ಕಂಡಿತ್ತು.

"ಅಮಾಸೆಗೆ ನಮ್ಮಲ್ಲಿ ಮಗ್ಗ ಬಿಡ್ತಾರ್ರೀ ಸ್ವಾಮಿ" ಎಂದಳು.

"ಹೊಡೆದದ್ದಕ್ಕಲ್ಲ?"

"ಅದಕ್ಕಲ್ಲ."

ಗುಮಾಸ್ತ ಬರೆದುಕೊಂಡ.

ಮಧ್ಯಾಹ್ನ ತೀರ್ಮಾನ ಬಂತು. ಅಂದು ನಡೆದದ್ದು ಮುಷ್ಕರವಲ್ಲ, ರೂಢಿಯ ರಜಾ. ರಿಜಿಸ್ಟ್ರಿ ತೆಗೆಯುವ ಕಾರಣವಿಲ್ಲ. ಮಾಲೀಕರು ಸಂಘವನ್ನು ಒಪ್ಪಿಕೊಂಡು, ಸಂಘ ಕಳಿಸಿದವರ ಜೊತೆ ಬರುವ ಸೋಮವಾರ ಕೂಲಿಯ ಮಾತಿಗೆ ಕೂರಬೇಕು. ಜಂಬುಲಿಂಗಪ್ಪನವರು ಬೇಸರ ತೋರಿಸದೆ ರುಜು ಹಾಕಿದರು.

ಕಲ್ಲೇಶಪ್ಪ ಖುಷಿಗೆ ಕಾಲು ನೆಲದ ಮೇಲಿಡುತ್ತಿರಲಿಲ್ಲ. ಸೂರಮ್ಮ ಮಾತ್ರ ಬಾಗಿಲ ಬಳಿ ತಡೆದು ನಿಂತಳು.

"ಸ್ವಾಮಿ, ಆಯಪ್ಪ ಹೊಡೆದೆ ಅಂತ ತಾನೇ ಒಪ್ಪಿದ್ನಲ್ಲ. ಸೋಮವಾರ ಅದನ್ನೂ ಮಾತಾಡ್ಬಹುದಾ?"

ಅಧಿಕಾರಿ ಕನ್ನಡಕ ತೆಗೆದರು. ಕೆಟ್ಟ ಮನುಷ್ಯನಲ್ಲ. "ನಿಮ್ಮ ನೋಟೀಸಿನಲ್ಲಿ ಕೂಲಿಯದೊಂದೇ ಬೇಡಿಕೆ ಇದೆಯಮ್ಮ. ಇದಕ್ಕೆ ಸಂಘದಿಂದ ಬೇರೆ ಬರೆದು ಕೊಡಿ. ಅದಕ್ಕೂ ಹೀಗೇ ರಾಜಿ ನಡೆಯುತ್ತೆ. ಅಲ್ಲಿವರೆಗೆ ಕೆಲಸ ನಿಲ್ಲಿಸಬಾರದು."

ವಾಪಸು ಬರುವಾಗ ತಳಕು ಊರಿನಲ್ಲಿ ಇದ್ದಿಲು ತುಂಬಲು ಬಸ್ಸು ನಿಂತಿತು. ಕಲ್ಲೇಶಪ್ಪ ಇಳಿದು ಚುರುಮುರಿ ತಂದು ಇಬ್ಬರಿಗೂ ಕೊಟ್ಟ. ಕಾಟಮ್ಮ ಮುಟ್ಟಲಿಲ್ಲ.

"ಹೊಸ ಅರ್ಜಿ ಬರೆಸ್ತೀನಿ ಕಾಟಿ" ಎಂದಳು ಸೂರಮ್ಮ. "ನಿನ್ನ ಹೆಸರಲ್ಲೇ. ಹೊಡೆದೆ ಅಂತ ಮೇಸ್ತ್ರಿ ಒಪ್ಪಿದ್ದು ಸರ್ಕಾರದೋರ ಕಾಗದದಾಗೇ ಐತೆ."

"ಹೂಂ."

"ಇನ್ನೇನು ಮಾಡ್ಬೇಕಿತ್ತು ನಾನು? ಹೇಳು."

ಕಾಟಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: "ನೀನು ಮಾಡಿದ್ದು ಸರಿನೇ ಅಕ್ಕ. ಎಲ್ರಿಗೂ ಒಳ್ಳೇದಾತು. ಆದ್ರೆ ಅವನಾದ್ರೂ ಹೊಡೆದೆ ಅಂದ. ಅದಕ್ಕಲ್ಲ ಅಂದೋಳು ನೀನು."

ಬಸ್ಸು ಹೊರಟಿತು. ಮೊಳಕಾಲ್ಮೂರಿನವರೆಗೂ ಇಬ್ಬರ ತೋಳುಗಳು ಒಂದಕ್ಕೊಂದು ತಾಗುತ್ತಲೇ ಇದ್ದವು. ಸರಿದು ಕೂರಲು ಜಾಗವಿರಲಿಲ್ಲ.

ಮರುದಿನ ಕಾರ್ಖಾನೆಯ ಬಾಗಿಲಲ್ಲಿ ಮುರುಗೇಂದ್ರಪ್ಪ ಹಾಜರಿ ಪುಸ್ತಕ ಹಿಡಿದು ನಗುತ್ತ ನಿಂತಿದ್ದ.

"ಏನ್ರೀ ಸೂರಮ್ಮೋರೇ, ಮುಂದಿನ ಅಮಾಸೆ ಯಾವತ್ತು?"

ಅವಳು ಉತ್ತರ ಹುಡುಕುವಷ್ಟರಲ್ಲಿ ಹಿಂದಿನಿಂದ ಕಾಟಮ್ಮನ ದನಿ ಬಂತು. "ಪಂಚಾಂಗ ನಿಮ್ಮ ತಲೆ ಮ್ಯಾಲೇ ನೇತಾಡ್ತೈತಲ್ಲ ಮೇಸ್ತ್ರಿ, ನೋಡ್ಕಳ್ರಿ. ಓದಾಕೆ ಬರ್ದಿದ್ರೆ ಯಾರನ್ನಾದ್ರೂ ಕೇಳ್ರಿ."

ಹೆಂಗಸರು ಗೊಳ್ಳೆಂದು ನಕ್ಕರು. ಸೂರಮ್ಮನೂ ನಕ್ಕು ಹಿಂತಿರುಗಿದಳು. ಆದರೆ ಕಾಟಮ್ಮ ಅವಳನ್ನು ದಾಟಿ ಒಳಗೆ ಹೋಗಿಯಾಗಿತ್ತು. ಆರು ವರ್ಷದಿಂದ ಸೂರಮ್ಮನ ರಾಟೆಯ ಪಕ್ಕದಲ್ಲೇ ಇದ್ದ ತನ್ನ ರಾಟೆಯನ್ನು ಅವಳು ಬಾತ ಬೆರಳುಗಳಲ್ಲೇ ಎತ್ತಿಕೊಂಡು, ಎದುರು ಗೋಡೆಯ ಬುಡಕ್ಕೆ ಒಯ್ಯುತ್ತಿದ್ದಳು. ತನ್ನ ಜಾಗಕ್ಕೆ ಬಂದು ಕೂತ ಸೂರಮ್ಮನಿಗೆ ಎದ್ದು ಹೋಗಿ ರಾಟೆಗೆ ಒಂದು ಕೈ ಹಿಡಿಯಬೇಕೆನಿಸಿತು. ಅಷ್ಟರಲ್ಲಿ ಕೆಲಸದ ಗಂಟೆ ಬಾರಿಸಿತು. ಈಗ ಜಾಗ ಬಿಟ್ಟು ಏಳುವಂತಿರಲಿಲ್ಲ.